ಗುಂಗುರು ಕೂದಲಿಗೆ ಬಣ್ಣ ಹಾಕುವಾಗ ಸುರುಳಿ ಹಾಳಾದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಸಲೂನ್‌ನಲ್ಲಿ ನನ್ನ ಗುಂಗುರು ಕೂದಲಿಗೆ ಜೇನು ಬಣ್ಣದ ಹೈಲೈಟ್ಸ್ ಮಾಡಿಸಿಕೊಂಡೆ. ಬಣ್ಣ ಸ್ವಲ್ಪ ಗಾಢವಾಗಿಯೇ ಉಳಿದರೂ ಪರವಾಗಿಲ್ಲ, ಸುರುಳಿ ಮಾತ್ರ ಸಡಿಲ ಆಗಬಾರದು ಎಂದು ಕೆಲಸ ಶುರುವಾಗುವ ಮೊದಲೇ ಹೇಳಿದ್ದೆ. ಈಗ ಹೈಲೈಟ್ ಮಾಡಿದ ಎಳೆಗಳೆಲ್ಲ ಸುರುಳಿ ಬಿಟ್ಟು ಜೋತು ಬಿದ್ದಿವೆ. ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, "ಕೊನೆಯಲ್ಲಿ ಸ್ಟ್ರೈಟ್ನರ್ ಹಾಕಿದ್ವಲ್ಲ, ಅದಕ್ಕೇ ಹಾಗಿದೆ. ಇನ್ನೆರಡು ಸಲ ತಲೆಗೆ ಸ್ನಾನ ಮಾಡಿ, ಸರಿಹೋಗುತ್ತೆ" ಎಂದರು. ಅದು ಸರಿಯಲ್ಲ. ಯಾಕೆ ಅಂತ ಹೇಳುತ್ತೇನೆ.

ಅವತ್ತು ತಲೆಪೂರ್ತಿ ಸ್ಟ್ರೈಟ್ನರ್ ಎಳೆದಿದ್ದರು. ಬ್ಲೀಚ್ ಹಾಕಿದ್ದು ಮೇಲಿನ ಮತ್ತು ಮುಂದಿನ ಕೂದಲಿಗೆ ಮಾತ್ರ. ಕತ್ತಿನ ಹಿಂಭಾಗದ ಕೂದಲನ್ನು ಮುಟ್ಟಿರಲಿಲ್ಲ. ಮನೆಯಲ್ಲಿ ತಲೆಗೆ ನೀರು ಬಿದ್ದ ಕೂಡಲೇ ಆ ಹಿಂದಿನ ಕೂದಲು ಮೊದಲಿನ ಹಾಗೇ ಸುತ್ತಿಕೊಂಡಿತು. ಬ್ಲೀಚ್ ಆದ ಎಳೆಗಳು ಸುತ್ತಿಕೊಳ್ಳಲೇ ಇಲ್ಲ. ಅದೇ ಸ್ಟ್ರೈಟ್ನರ್, ಅದೇ ನೀರು. ಬರೀ ಬಿಸಿಯಿಂದ ಆಗಿದ್ದರೆ ಹಿಂದಿನದೂ ಹಾಗೇ ಇರಬೇಕಿತ್ತು ಅಲ್ವಾ?

ಇನ್ನೊಂದು ಪರೀಕ್ಷೆಯನ್ನು ನಿಮ್ಮವರೇ ಮಾಡಿ ನೋಡಬಹುದು. ಒದ್ದೆ ಇರುವಾಗ ಒಂದೇ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ಕತ್ತಿನ ಹಿಂದಿನ ಎಳೆ ಸ್ವಲ್ಪ ಹಿಗ್ಗಿ, ಬಿಟ್ಟ ಕೂಡಲೇ ವಾಪಸ್ ಸುತ್ತಿಕೊಳ್ಳುತ್ತದೆ. ಬ್ಲೀಚ್ ಆದ ಎಳೆ ಹಿಗ್ಗುತ್ತಾ ಹೋಗುತ್ತದೆ, ಕೈಗೆ ಅಂಟಂಟು ಅನಿಸುತ್ತದೆ, ವಾಪಸ್ ಬರುವುದಿಲ್ಲ. ಕೆಲವು ಅಲ್ಲೇ ತುಂಡಾಗುತ್ತವೆ. ರಾಸಾಯನಿಕದಿಂದ ಕೂದಲು ಒಳಗಿನಿಂದ ಸವೆದಿದೆ ಎನ್ನುವುದಕ್ಕೆ ಇದೇ ಗುರುತು. ಬರೀ ಒಣಗಿದ ಕೂದಲಾಗಿದ್ದರೆ ಕಂಡೀಷನರ್ ಹಾಕಿದಾಗ ಚೇತರಿಸಿಕೊಳ್ಳುತ್ತಿತ್ತು.

ಕಾರಣವೂ ಅವತ್ತಿನ ಕೆಲಸದಲ್ಲೇ ಇದೆ. ಬ್ಲೀಚ್ ಪುಡಿಗೆ 40 ವಾಲ್ಯೂಮ್ ಡೆವಲಪರ್ ಕಲಸಿದ್ದನ್ನು ನಾನೇ ನೋಡಿದೆ. ಅಂದರೆ 12% ಹೈಡ್ರೋಜನ್ ಪೆರಾಕ್ಸೈಡ್. ಫಾಯಿಲ್ ಸುತ್ತಿ, ಮೇಲಿಂದ ಬಿಸಿ ಯಂತ್ರವನ್ನೂ ಇಟ್ಟರು. ಬಿಸಿ ತಗುಲಿದರೆ ಬ್ಲೀಚ್ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ಅದು ಕೂದಲಿನ ಬಣ್ಣವನ್ನಷ್ಟೇ ತೆಗೆಯುವುದಿಲ್ಲ, ಸುರುಳಿಯ ಆಕಾರವನ್ನು ಹಿಡಿದಿಡುವ ಗಂಧಕದ ಬಂಧಗಳನ್ನೂ ಒಡೆಯುತ್ತದೆ. ಗುಂಗುರು ಕೂದಲು ತಿರುವು ಇರುವ ಕಡೆಯೆಲ್ಲ ಮೊದಲೇ ಸೂಕ್ಷ್ಮ. ಇಂಥ ಕೂದಲಿಗೆ 20 ವಾಲ್ಯೂಮ್ ಅಥವಾ ಅದಕ್ಕಿಂತ ಕಡಿಮೆ ಸಾಕು, ಬಿಸಿ ಬೇಡವೇ ಬೇಡ. ನಿಧಾನವಾಗಿ, ಮಧ್ಯೆ ಮಧ್ಯೆ ಫಾಯಿಲ್ ಬಿಚ್ಚಿ ನೋಡುತ್ತಾ ಮಾಡಬೇಕು. ಒಂದೇ ಸಲಕ್ಕೆ ಬೇಕಾದಷ್ಟು ತಿಳಿಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಕೆಲವು ವಾರ ಬಿಟ್ಟು ಮುಂದುವರಿಸಬೇಕು. ಒಳಗಡೆಯ ಒಂದು ಚಿಕ್ಕ ಎಳೆಗೆ ಮೊದಲು ಹಚ್ಚಿ, ತೊಳೆದು, ಎಳೆದು ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನನಗೆ ಆ ಸ್ಟ್ರಾಂಡ್ ಟೆಸ್ಟ್ ಮಾಡಲೇ ಇಲ್ಲ.

ಸ್ಟ್ರೈಟ್ನರ್‌ನದೂ ತಪ್ಪಿದೆ, ಇಲ್ಲ ಅನ್ನುವುದಿಲ್ಲ. ಆಗಷ್ಟೇ ಬ್ಲೀಚ್ ಆದ, ಇನ್ನೂ ಪೂರ್ತಿ ಒಣಗಿರದ ಕೂದಲ ಮೇಲೆ ಅದನ್ನು ಎಳೆದಾಗ ಚುಂಯ್ ಎಂದು ಸದ್ದು ಬಂತು, ಹಬೆ ಎದ್ದಿತು. ಎಳೆಯೊಳಗಿನ ನೀರು ಕುದಿದರೆ ಕೂದಲು ಒಳಗೇ ಗುಳ್ಳೆ ಎದ್ದು ಒಡೆಯುತ್ತದೆ. ಈಗ ತುದಿಗಳ ಹತ್ತಿರ ಸಣ್ಣ ಬಿಳಿ ಚುಕ್ಕೆಗಳು ಕಾಣುತ್ತಿವೆ, ಸರಿಯಾಗಿ ಆ ಚುಕ್ಕೆ ಇರುವಲ್ಲೇ ಕೂದಲು ಮುರಿಯುತ್ತಿದೆ. ಬಣ್ಣ ಚೆನ್ನಾಗಿ ಕಾಣಲಿ ಅಂತ ಸುಮ್ನೆ ನೇರ ಮಾಡಿಬಿಟ್ಟಿದ್ದರು, ಹಾಗಾಗಿ ಸುರುಳಿ ಹೋಗಿದೆ ಎನ್ನುವುದೂ ಅವತ್ತು ನನಗೆ ಗೊತ್ತಾಗಲಿಲ್ಲ. ಡಿಫ್ಯೂಸರ್ ಹಾಕಿ ಕಡಿಮೆ ಬಿಸಿಯಲ್ಲಿ ಒಣಗಿಸಿದ್ದರೆ ಅಲ್ಲೇ ಕಾಣುತ್ತಿತ್ತು.

ನೀವು ಪರಿಹಾರ ಅಂತ ಕೆರಾಟಿನ್ ಟ್ರೀಟ್‌ಮೆಂಟ್ ಉಚಿತವಾಗಿ ಕೊಡಲು ಮುಂದೆ ಬಂದಿದ್ದೀರಿ. ದಯವಿಟ್ಟು ಬೇಡ. ಅದು ಕೂದಲನ್ನು ನಯ ಮಾಡಿ ನೇರವಾಗಿಸುವ ಚಿಕಿತ್ಸೆ, ಕೊನೆಗೆ ಮತ್ತೆ ಜಾಸ್ತಿ ಬಿಸಿಯ ಸ್ಟ್ರೈಟ್ನರ್ ಎಳೆಯುತ್ತಾರೆ. ಉಳಿದಿರುವ ಸುರುಳಿಯೂ ಹೋಗುತ್ತದೆ. ಬಾಂಡ್ ರಿಪೇರಿ ಉತ್ಪನ್ನಗಳಿಂದ ಮುರಿಯುವುದು ಕಡಿಮೆಯಾಗಬಹುದು, ಇಷ್ಟು ಹಾಳಾದ ಎಳೆಗೆ ಹಳೆಯ ಸುರುಳಿ ಪೂರ್ತಿ ವಾಪಸ್ ಬರುವುದಿಲ್ಲ. ಹೊಸ ಕೂದಲು ಬುಡದಿಂದ ಬೆಳೆಯಬೇಕು, ಅದೂ ತಿಂಗಳಿಗೆ ಸುಮಾರು 1 ಸೆಂ.ಮೀ. ಮಾತ್ರ. ಅಲ್ಲಿಯವರೆಗೆ ಹಾಳಾದ ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬರಬೇಕು.

ಹಾಗಾಗಿ ನಾನು ಕಟ್ಟಿದ ಹಣ ಪೂರ್ತಿ ವಾಪಸ್ ಕೊಡಿ. ಗುಂಗುರು ಕೂದಲು ಕತ್ತರಿಸಲು ಬರುವವರ ಹತ್ತಿರ ಈ ತುದಿಗಳನ್ನು ತೆಗೆಸಿಕೊಳ್ಳುವ ಖರ್ಚನ್ನೂ ಭರಿಸಿ. ಅವತ್ತು ಬಳಸಿದ ಬ್ಲೀಚ್ ಯಾವುದು, ಡೆವಲಪರ್ ಎಷ್ಟು, ಎಷ್ಟು ಹೊತ್ತು ಇಟ್ಟಿದ್ದರು ಎನ್ನುವುದನ್ನು ಬರವಣಿಗೆಯಲ್ಲಿ ಕೊಡಿ. ಮುಂದೆ ನನ್ನ ಕೂದಲಿಗೆ ಯಾರೇ ಕೈ ಹಾಕಿದರೂ ಅವರಿಗೆ ಇದು ಗೊತ್ತಿರಬೇಕು. ಹೈಲೈಟ್ ಆದ ಎಳೆ ಮತ್ತು ಕತ್ತಿನ ಹಿಂದಿನ ಎಳೆಯನ್ನು ಒದ್ದೆಯಾಗಿರುವಾಗ ಪಕ್ಕಪಕ್ಕ ಇಟ್ಟು ತೆಗೆದ ಫೋಟೋಗಳನ್ನು ಜೊತೆಗೆ ಕಳಿಸಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ನಿಮ್ಮ ಗ್ರಾಹಕಿ