300 ವೋಚರ್‌ಗಳಿಗೂ ಒಂದೇ ಕೋಡ್: ಮರುಮುದ್ರಣ ಕೋರಿ ದೂರು

ಮೈಸೂರು
16-10-2025

ಗೆ,
ವ್ಯವಸ್ಥಾಪಕರು, ವಿನ್ಯಾಸ ಮತ್ತು ಮುದ್ರಣ ವಿಭಾಗ

ಮಾನ್ಯರೇ,

ವಿಷಯ: ದೀಪಾವಳಿ ಗಿಫ್ಟ್ ವೋಚರ್‌ಗಳಲ್ಲಿನ ತಪ್ಪುಗಳು

ನಮ್ಮ ಬ್ಯೂಟಿ ಪಾರ್ಲರ್‌ಗಾಗಿ ನೀವು ಅಚ್ಚು ಹಾಕಿ ಕೊಟ್ಟ 300 ವೋಚರ್‌ಗಳು 10ನೇ ತಾರೀಖು ಕೈಸೇರಿದವು. ಕಾಗದ, ಬಣ್ಣ, ರಂಗೋಲಿ ಅಂಚು ಎಲ್ಲ ಚೆನ್ನಾಗಿವೆ. ಆದರೆ ಯಾವ ಕೆಲಸಕ್ಕೆ ಮಾಡಿಸಿದೆವೋ ಆ ಕೆಲಸಕ್ಕೇ ಅವು ಬರುವುದಿಲ್ಲ.

ಆರ್ಡರ್‌ನಲ್ಲಿ ಬರೆದುಕೊಟ್ಟಿದ್ದು ಇಷ್ಟು: ನೂರು ಜನ ಖಾಯಂ ಗ್ರಾಹಕರಿಗೆ ತಲಾ ಮೂರು ಕಾರ್ಡ್. ಅವರು ಅದನ್ನು ಗೆಳತಿಗೋ ನಾದಿನಿಗೋ ಕೊಡಬೇಕು. ತಂದವರಿಗೆ ₹1,000 ದಾಟಿದ ಬಿಲ್ಲಿನಲ್ಲಿ ₹300 ಕಡಿತ. ಪ್ರತಿ ಕಾರ್ಡಿಗೂ ಬೇರೆ ಕೋಡ್. ಉದಾಹರಣೆಗೆ D017-2 ಎಂದರೆ 17ನೇ ಗ್ರಾಹಕರಿಗೆ ಕೊಟ್ಟ ಎರಡನೇ ಕಾರ್ಡ್. ಇದಕ್ಕಾಗಿ 300 ಸಾಲಿನ ಎಕ್ಸೆಲ್ ಪಟ್ಟಿಯನ್ನೂ ಕಳಿಸಿದ್ದೆವು.

ಬಂದ ಕಾರ್ಡುಗಳಲ್ಲಿ ಎಲ್ಲದರ ಮೇಲೂ D001-1 ಎಂದೇ ಇದೆ. ಹೀಗೇಕಾಯಿತು ಎಂಬುದು ಪ್ರೂಫ್ ನೋಡಿದರೆ ತಿಳಿಯುತ್ತದೆ. ಪ್ರೂಫಿನಲ್ಲಿ ಮಾದರಿಗೆಂದು ಹಾಕಿದ್ದ ಕೋಡ್ ಹಾಗೇ ಪ್ಲೇಟಿಗೆ ಹೋಗಿದೆ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಮೇಲೆ ಇದ್ದದ್ದೇ ಎಲ್ಲ ಹಾಳೆಗೂ ಬೀಳುತ್ತದೆ. ಕೋಡ್ ಬರುವ ಜಾಗವನ್ನು ಪ್ಲೇಟಿನಲ್ಲಿ ಖಾಲಿ ಬಿಟ್ಟು, ಆಮೇಲೆ ಪಟ್ಟಿಯಿಂದ ಡಿಜಿಟಲ್ ಮಷಿನ್‌ನಲ್ಲಿ ಒಂದೊಂದಾಗಿ ಹೊಡೆಯಬೇಕಿತ್ತು. ಕಟ್ಟಿನ ಮೇಲಿನಿಂದ, ನಡುವಿನಿಂದ, ಕೆಳಗಿನಿಂದ ಮೂರು ಕಾರ್ಡ್ ತೆಗೆದು ನೋಡಿದ್ದರೂ ನಿಮ್ಮಲ್ಲೇ ಇದು ಸಿಕ್ಕಿಬೀಳುತ್ತಿತ್ತು. ಕಟ್ಟು ಬಿಚ್ಚಿದಾಗ ನಾವೂ ಮೇಲಿನದನ್ನಷ್ಟೇ ನೋಡಿದೆವು, ಅದನ್ನು ಒಪ್ಪುತ್ತೇವೆ.

ಇದು ಗೊತ್ತಾಗುವ ಮೊದಲು 20 ಜನರಿಗೆ 60 ಕಾರ್ಡ್ ಹಂಚಿಯಾಗಿತ್ತು. ಅದರಲ್ಲೊಂದರ ಫೋಟೊ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಎರಡು ದಿನದಲ್ಲಿ 11 ಜನ ಬಂದು ಮೊಬೈಲಿನಲ್ಲೇ ಅದನ್ನು ತೋರಿಸಿದರು. ಬೇರೆ ಬೇರೆ ಕೋಡ್ ಇದ್ದಿದ್ದರೆ ಮೊದಲು ಬಂದವರದನ್ನು ಪುಸ್ತಕದಲ್ಲಿ ಹೊಡೆದುಹಾಕಿ ಉಳಿದವರಿಗೆ ವಿವರಿಸಿ ಹೇಳಬಹುದಿತ್ತು. ಎಲ್ಲ ಕಾರ್ಡಿನಲ್ಲೂ ಒಂದೇ ಕೋಡ್ ಇರುವಾಗ ಯಾವುದು ಅಸಲಿ ಎಂದು ಹೇಳುವುದು? ಎಲ್ಲರಿಗೂ ಕಡಿತ ಕೊಟ್ಟೆವು, ₹3,300 ಹೋಯಿತು.

ಆ 11 ಜನರಲ್ಲಿ 7 ಮಂದಿ ನಮ್ಮ ಹಳೆಯ ಗ್ರಾಹಕರೇ. ಹಬ್ಬಕ್ಕೆ ಹೇಗೂ ಬರುತ್ತಿದ್ದವರು. ‘ಕಳೆದ 12 ತಿಂಗಳ ಬಿಲ್ಲುಗಳಲ್ಲಿ ಮೊಬೈಲ್ ನಂಬರ್ ಇಲ್ಲದವರಿಗೆ ಮಾತ್ರ’ ಎಂಬ ಸಾಲನ್ನು ಬರೆದುಕೊಟ್ಟಿದ್ದೆವು. ಜಾಗ ಸಾಲದೆಂದು ಅದನ್ನು ತೆಗೆದು ‘ಷರತ್ತುಗಳು ಅನ್ವಯಿಸುತ್ತವೆ’ ಎಂದು ಹಾಕಿದ್ದೀರಿ. ಯಾವ ಷರತ್ತು ಎಂದು ಕಾರ್ಡಿನಲ್ಲಿ ಎಲ್ಲೂ ಇಲ್ಲದಿರುವಾಗ ಕೌಂಟರಿನಲ್ಲಿ ಕುಳಿತ ಹುಡುಗಿ ಯಾವ ಬಾಯಲ್ಲಿ ಇಲ್ಲ ಅನ್ನಬೇಕು? ಜಾಗ ಬೇಕಿದ್ದರೆ ದೀಪದ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಬಹುದಿತ್ತು.

ಇನ್ನು ಅವಧಿ. ‘1-11-2025ರಿಂದ 15-12-2025ರವರೆಗೆ, ಸೋಮವಾರದಿಂದ ಗುರುವಾರ’ ಎಂದು ಕೊಟ್ಟಿದ್ದೆವು. ಅದು ‘31-10-2025ರವರೆಗೆ’ ಎಂದಾಗಿದೆ. ದೀಪಾವಳಿ ಕೊಡುಗೆ ಅಂದಮೇಲೆ ಅದೇ ತಿಂಗಳಿಗೆ ಮುಗಿಯಬೇಕೆಂದು ನಿಮ್ಮವರು ಅಂದುಕೊಂಡಂತಿದೆ. ಹಬ್ಬದ ಹಿಂದಿನ ವಾರ ನಮ್ಮ ಕುರ್ಚಿಗಳು ಖಾಯಂ ಗ್ರಾಹಕರಿಂದಲೇ ತುಂಬಿರುತ್ತವೆ. ಆಗ ಹೊಸಬರನ್ನು ಕರೆದರೆ ಒಂದು ಗಂಟೆ ಕಾಯಿಸಿ ಕಳಿಸಬೇಕು, ಮತ್ತೆ ಅವರು ಈ ಕಡೆ ತಲೆಹಾಕುವುದಿಲ್ಲ. ಹಬ್ಬ ಮುಗಿದ ಮೇಲೆ ವಾರದ ನಡುವಿನ ದಿನಗಳು ಖಾಲಿ ಇರುತ್ತವೆ, ಹೊಸಬರಿಗೆ ಸಮಾಧಾನವಾಗಿ ಕೆಲಸ ಮಾಡಿಕೊಡಬಹುದು. ಹಾಗೆ ಬಂದವರು ನಾಲ್ಕೈದು ವಾರಕ್ಕೆ ಮತ್ತೆ ಥ್ರೆಡಿಂಗ್‌ಗೋ ಫೇಶಿಯಲ್‌ಗೋ ಬಂದರೆ ಅದು ಬಹುಪಾಲು ಧನುರ್ಮಾಸಕ್ಕೆ, ಮದುವೆಗಳಿಲ್ಲದ ಕಾಲಕ್ಕೆ, ಬೀಳುತ್ತದೆ. ಆ ಎರಡನೇ ಭೇಟಿಗೆ ಪೂರ್ತಿ ದರ. ₹300 ಬಿಟ್ಟುಕೊಡುವುದು ಅದಕ್ಕಾಗಿಯೇ.

ತಾರೀಖಿನ ಮೇಲೆ ಸ್ಟಿಕ್ಕರ್ ಅಂಟಿಸಿಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದಿರಿ. ಉಡುಗೊರೆ ಕಾರ್ಡಿನ ಮೇಲೆ ತೇಪೆ ಬೇಡ. ಅಷ್ಟಕ್ಕೂ ಸ್ಟಿಕ್ಕರಿನಿಂದ ಕೋಡ್ ಸರಿಹೋಗುವುದಿಲ್ಲ. ಕೋಡ್ ಇಲ್ಲದಿದ್ದರೆ ಯಾರ ಕಾರ್ಡಿನಿಂದ ಯಾರು ಬಂದರು, ಅವರಲ್ಲಿ ಎಷ್ಟು ಜನ ಜನವರಿಯೊಳಗೆ ಮತ್ತೆ ಬಂದರು ಎಂಬ ಲೆಕ್ಕ ಸಿಗದು.

ಆದ್ದರಿಂದ 300 ಕಾರ್ಡುಗಳನ್ನೂ ನಿಮ್ಮ ಖರ್ಚಿನಲ್ಲಿ ಹೊಸದಾಗಿ ಮುದ್ರಿಸಿ 18ರ ಶನಿವಾರ ಸಂಜೆಯೊಳಗೆ ತಲುಪಿಸಿ. ಹಂಚಿದ 60ನ್ನು ನಾವು ಬದಲಾಯಿಸಿಕೊಡುತ್ತೇವೆ, ಉಳಿದ 240ನ್ನು ನಿಮಗೆ ಹಿಂದಿರುಗಿಸುತ್ತೇವೆ. ಪೂರ್ತಿ ಕಟ್ಟು ಅಚ್ಚಿಗೆ ಹೋಗುವ ಮುನ್ನ D001-1, D050-2, D100-3 ಈ ಮೂರರ ಫೋಟೊ ಕಳಿಸಿ, ನಾವು ಒಪ್ಪಿದ ಮೇಲೆ ಉಳಿದದ್ದು ಹೊಡೆಯಿರಿ. ಪಟ್ಟಿ ತೆರೆಯುವಾಗ ಕೋಡಿನ ಕಾಲಂ ಟೆಕ್ಸ್ಟ್ ಆಗಿಯೇ ಇರಲಿ.

ಕೋಡ್ ತಪ್ಪಿದ್ದರಿಂದ ಆದ ₹3,300 ನಷ್ಟವನ್ನು ಬಾಕಿ ಬಿಲ್ಲಿನಲ್ಲಿ ಎಷ್ಟರಮಟ್ಟಿಗೆ ವಜಾ ಮಾಡುತ್ತೀರಿ ಎಂಬುದನ್ನು ಬರಹದಲ್ಲಿ ತಿಳಿಸಿ. ಶನಿವಾರಕ್ಕೆ ಆಗದಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿಬಿಡಿ. ಮುಂಗಡ ವಾಪಸ್ ಪಡೆದು ಬೇರೆ ಕಡೆ ಮಾಡಿಸಿಕೊಳ್ಳುತ್ತೇವೆ.

ಲಗತ್ತು: ಆರ್ಡರ್ ಪ್ರತಿ, ಪ್ರೂಫ್, ಮೂರು ಕಾರ್ಡುಗಳು, 11 ಬಿಲ್ಲುಗಳ ನಕಲು

ಇಂತಿ,
ವ್ಯವಸ್ಥಾಪಕಿ