ಪವರ್ ಬ್ಯಾಂಕ್ ಕೊಳ್ಳುವ ಮುಂಚೆ

ಚಿ. ಪ್ರಸನ್ನನಿಗೆ ಮಾವನ ಆಶೀರ್ವಾದಗಳು.

ನಿನ್ನ ಲ್ಯಾಪ್‌ಟಾಪ್ ಬ್ಯಾಟರಿ 4000 ಎಂಎಎಚ್, ನೋಡಿಟ್ಟಿರುವ ಪವರ್ ಬ್ಯಾಂಕ್ 20000 ಎಂಎಎಚ್, ಹಾಗಾಗಿ ಐದು ಸಲ ಫುಲ್ ಚಾರ್ಜ್ ಆಗುತ್ತದೆ ಎಂದು ಬರೆದಿದ್ದೀಯ. ಆಗುವುದಿಲ್ಲ ಕಣೋ. ದುಡ್ಡು ಕೊಡುವ ಮುಂಚೆ ಇದನ್ನು ಓದು.

ಎಂಎಎಚ್ ಅರ್ಧ ಮಾತು ಮಾತ್ರ ಹೇಳುತ್ತದೆ. ಪಕ್ಕದಲ್ಲಿ ಎಷ್ಟು ವೋಲ್ಟ್ ಅಂತ ಇರಬೇಕು. ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ವೋಲ್ಟ್ ಕೂಡುತ್ತದೆ, ಎಂಎಎಚ್ ಅಷ್ಟೇ ಇರುತ್ತದೆ. ಅಕ್ಕಪಕ್ಕ ಜೋಡಿಸಿದರೆ ಎಂಎಎಚ್ ಕೂಡುತ್ತದೆ, ವೋಲ್ಟ್ ಅಷ್ಟೇ ಇರುತ್ತದೆ. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಮೂರು ಸೆಲ್ ಸಾಲಾಗಿವೆ, ಅದಕ್ಕೇ ಲೇಬಲ್ ಮೇಲೆ 11.4 ವೋಲ್ಟ್ ಇದೆ. ಪವರ್ ಬ್ಯಾಂಕ್‌ನ ಎಂಎಎಚ್ ಅನ್ನು ಸಾಮಾನ್ಯವಾಗಿ 3.7 ವೋಲ್ಟ್‌ಗೆ ಬರೆದಿರುತ್ತಾರೆ. ಇವೆರಡನ್ನು ಹೋಲಿಸಬೇಕಾದರೆ ಎರಡನ್ನೂ ವ್ಯಾಟ್-ಅವರ್‌ಗೆ, ಅಂದರೆ ಒಳಗಿರುವ ಒಟ್ಟು ಶಕ್ತಿಯ ಲೆಕ್ಕಕ್ಕೆ ತರಬೇಕು:

Wh = mAh × V ÷ 1000

ಲ್ಯಾಪ್‌ಟಾಪ್: 4000 × 11.4 ÷ 1000, ಅಂದರೆ 45.6. ಪವರ್ ಬ್ಯಾಂಕ್: 20000 × 3.7 ÷ 1000, ಅಂದರೆ 74. ಐದು ಪಟ್ಟು ಎಲ್ಲಿ ಬಂತು? ಕಾಗದದ ಮೇಲೇ ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿ, ಅಷ್ಟೇ.

ಅದೂ ಪೂರ್ತಿ ಸಿಗುವುದಿಲ್ಲ. ಪವರ್ ಬ್ಯಾಂಕ್‌ನ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಇರುತ್ತದೆ, ಹುಡುಕು. 5 ವೋಲ್ಟ್‌ಗೆ 12000 ಎಂಎಎಚ್ ಎಂದಿದ್ದರೆ ಹೊರಗೆ ಬರುವುದು 60 ವ್ಯಾಟ್-ಅವರ್. ಉಳಿದದ್ದರಲ್ಲಿ ಹೆಚ್ಚಿನದು ವೋಲ್ಟ್ ಏರಿಸುವಾಗ ಶಾಖವಾಗಿ ಹೋಗುತ್ತದೆ. ಲ್ಯಾಪ್‌ಟಾಪ್ ಒಳಗೆ ಮತ್ತೆ ಸ್ವಲ್ಪ ಪೋಲಾಗುತ್ತದೆ. ಹಾಗಾಗಿ ಒಂದು ಫುಲ್ ಚಾರ್ಜ್ ಎಂದು ಲೆಕ್ಕ ಇಟ್ಟುಕೋ. ಎರಡು ಕಂಪನಿಯ ಪವರ್ ಬ್ಯಾಂಕ್ ಹೋಲಿಸುವಾಗಲೂ ಮುಂಭಾಗದ ದೊಡ್ಡ ನಂಬರ್ ಬಿಟ್ಟು ಈ ರೇಟೆಡ್ ನಂಬರನ್ನೇ ನೋಡು. ಆದರೆ 20000ವನ್ನು 5ರಿಂದ ಗುಣಿಸಿ 100 ವ್ಯಾಟ್-ಅವರ್ ಎಂದುಕೊಳ್ಳಬೇಡ. ಆ 20000 ಇರುವುದು 3.7 ವೋಲ್ಟ್‌ಗೆ, 5ಕ್ಕಲ್ಲ.

65 ವ್ಯಾಟ್, 22.5 ವ್ಯಾಟ್ ಎಂದು ಬರೆದಿರುವುದು ಬೇರೆ ವಿಷಯ. ಅದು ಎಷ್ಟು ವೇಗವಾಗಿ ಕೊಡುತ್ತದೆ ಎಂಬುದು, ಒಳಗೆ ಎಷ್ಟಿದೆ ಎಂಬುದಲ್ಲ. ಅದು ಕಡಿಮೆ ಇದ್ದರೆ ನಿನ್ನ ಲ್ಯಾಪ್‌ಟಾಪ್ ಚಾರ್ಜ್ ಆಗದೇ ಇರಬಹುದು, ಅದನ್ನೂ ನೋಡಿಕೋ.

ಫೋನ್‌ಗಳಲ್ಲಿ ಇಷ್ಟು ತಲೆಬಿಸಿ ಇಲ್ಲ. ಒಂದೇ ಸೆಲ್ ಇರುವ ಎರಡು ಫೋನ್‌ಗಳ ವೋಲ್ಟ್ ಹೆಚ್ಚುಕಮ್ಮಿ ಒಂದೇ, ಎಂಎಎಚ್ ನೇರವಾಗಿ ಹೋಲಿಸಬಹುದು.

ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಕೈಯಲ್ಲಿ ಹಿಡಿದು ನೋಡು. ಇಂಥ ಲಿಥಿಯಂ ಸೆಲ್‌ನಲ್ಲಿ ಕಿಲೋಗೆ ಸುಮಾರು 250 ವ್ಯಾಟ್-ಅವರ್ ಹಿಡಿದರೆ ಅದೇ ಒಳ್ಳೆಯ ಸೆಲ್. 74ಕ್ಕೆ ಸೆಲ್ಲೇ 300 ಗ್ರಾಂ ಹತ್ತಿರ ತೂಗಬೇಕು. 20000 ಎಂದು ಬರೆದದ್ದು 150 ಗ್ರಾಂ ಇದ್ದರೆ ಸುಳ್ಳು, ವಾಪಸ್ ಇಟ್ಟುಬಿಡು.

ಲೇಬಲ್‌ನ ಫೋಟೋ ಕಳಿಸು, ವೋಲ್ಟ್ ಕಾಣುವ ಹಾಗೆ ತೆಗಿ.

ಇತಿ,
ನಿನ್ನ ಮಾವ