ಗೀವು ಯಾವಾಗ ಬರುತ್ತೆ?

ಪ್ರೀತಿಯ ತಮ್ಮನಿಗೆ,

ಕತೆ ಓದಿದೆ. ಸಂಭಾಷಣೆ ಚೆನ್ನಾಗಿದೆ, ಆದರೆ ಒಂದು ಕಡೆ ಕಿವಿಗೆ ಎಡವಿತು. ಡಾಕ್ಟರ ರೂಮಿಂದ ಹೊರಗೆ ಬಂದ ಮಗ ಅಮ್ಮನಿಗೆ ಹೇಳುತ್ತಾನೆ: “ಆಪರೇಷನ್ ಗೀಪರೇಷನ್ ಮಾಡಬೇಕಂತೆ, ಸೋಮವಾರ ಬೆಳಿಗ್ಗೆ.” ಮಾತು ಆಡುಮಾತಿನ ಹಾಗೆ ಕೇಳಲಿ ಅಂತ ಆ ‘ಗೀಪರೇಷನ್’ ಸೇರಿಸಿದ್ದೀಯ, ಅಲ್ವಾ? ಅದೇ ಅಲ್ಲಿ ಹೊಂದುತ್ತಿಲ್ಲ.

ಈ ಪ್ರತಿಧ್ವನಿ ಪದ ಮಾಡುವುದು ನಮಗೆ ಯಾರೂ ಕಲಿಸಿದ್ದಲ್ಲ. ಪದದ ಮೊದಲ ಅಕ್ಷರ ತೆಗೆದು, ಅದು ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’ ಇಡುತ್ತೇವೆ. ಮನೆ ಗಿನೆ, ಹಾವು ಗೀವು, ಅಂಗಡಿ ಗಿಂಗಡಿ. ಒತ್ತಕ್ಷರ ಇದ್ದರೆ ಅದೂ ಸೇರಿಯೇ ಹೋಗುತ್ತೆ: ಪ್ರೀತಿ ಗೀತಿ. ಇಂಗ್ಲಿಷಿಂದ ಬಂದ ಪದಕ್ಕೂ ವಿನಾಯಿತಿ ಇಲ್ಲ. ‘ಗಿ’ಯಿಂದಲೇ ಶುರುವಾಗುವ ‘ಗಿಡ’ದಂಥ ಪದ ಮಾತ್ರ ಸಿಕ್ಕಿಹಾಕಿಕೊಳ್ಳುತ್ತೆ, ಗಿಡಕ್ಕೆ ‘ಗಿ’ ಹಚ್ಚಿದರೆ ಮತ್ತೆ ಗಿಡವೇ. ಹಾಗಾಗಿ ಗಿಡ ಮರ, ಗಿಡಗಂಟಿ ಅಂತ ಪಕ್ಕಕ್ಕೆ ಸರಿದು ಹೋಗುತ್ತೇವೆ.

ಮಾಡುವುದು ಸುಲಭ. ಎಲ್ಲಿ ಇಡಬೇಕು ಅನ್ನುವುದೇ ಕಷ್ಟ. ನಿನ್ನ ವಯಸ್ಸಿನಲ್ಲಿ ನಾನೂ “ರಾತ್ರಿ ಹಿತ್ತಲಲ್ಲಿ ಹಾವು ಗೀವು ಕಂಡೆ” ಅಂತ ಬರೆದಿದ್ದೆ. ಓದಿದ ನಮ್ಮ ಚಿಕ್ಕಮ್ಮ ಕೇಳಿದರು: “ಹಾವು ಕಂಡೆಯೋ, ಗೀವು ಕಂಡೆಯೋ?” ಅಷ್ಟೇ ಸಾಕಾಯಿತು. ಕಣ್ಣಾರೆ ಕಂಡದ್ದು ಹಾವೇ ಆದಮೇಲೆ ಅದರ ಪಕ್ಕದಲ್ಲಿ ಗೀವಿಗೆ ಜಾಗ ಇಲ್ಲ. ಅದೇ “ಟಾರ್ಚ್ ತಗೊಂಡು ಹೋಗು, ಹಾವು ಗೀವು ಇದ್ದೀತು” ಅಂದರೆ ಸರಿಹೋಗುತ್ತೆ. ಇಲ್ಲಿ ಹಾವು ಇನ್ನೂ ಬಂದಿಲ್ಲ. ಹಾವೇ ಇರಬಹುದು, ಚೇಳಿರಬಹುದು, ಏನೂ ಇಲ್ಲದೆಯೂ ಇರಬಹುದು. ಪ್ರಶ್ನೆ, ಅನುಮಾನ, ಬೇಡ ಅನ್ನುವ ಮಾತು, ‘ಆದರೆ’ ‘ಇದ್ದರೆ’ಗಳ ಮಾತು, ಇವೆಲ್ಲ ಗಿಕಾರಕ್ಕೆ ಇಷ್ಟವಾದ ಜಾಗಗಳು. ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳುವಾಗ ಅದು ಹಿಂಜರಿಯುತ್ತೆ. ಹೇಳುವವನಿಗೆ ತಾತ್ಸಾರ ಇದ್ದರೆ ಮಾತು ಬೇರೆ. “ಕತೆ ಗಿತೆ ಬರೀತಾನಂತೆ” ಅಂದವರು ನಿನ್ನ ಕತೆಯನ್ನು ಓದಿಲ್ಲ, ಓದುವುದೂ ಇಲ್ಲ.

ಇದನ್ನು ಜೋಡುನುಡಿಯ ಜೊತೆ ಬೆರೆಸಬೇಡ. ‘ಬಟ್ಟೆಬರೆ’ ತುಂಬಿದ ಪೆಟ್ಟಿಗೆ ಬೇರೆ, ‘ಬಟ್ಟೆ ಗಿಟ್ಟೆ’ ತುಂಬಿಕೊಂಡು ಹೊರಟವನು ಬೇರೆ. ಮೊದಲನೆಯದರಲ್ಲಿ ಸಂಸಾರ ಇದೆ, ಎರಡನೆಯದರಲ್ಲಿ ಏನೇನು ತುಂಬಿದ ಅನ್ನುವುದು ಹೇಳುವವನಿಗೇ ಮುಖ್ಯ ಅಲ್ಲ. ‘ಬಿಸಿ ಬಿಸಿ’, ‘ಒಂದೊಂದು’ ಇವು ದ್ವಿರುಕ್ತಿ, ಇನ್ನೊಂದು ದಿನ ಬರೆಯುತ್ತೇನೆ.

ಇನ್ನೊಂದು ಸೊಗಸು ನೋಡು. “ಬಾಗಿಲು ಗೀಗಿಲು ಹಾಕಿದೆಯಾ?” ಅಂದರೆ ಬಾಗಿಲು, ಕಿಟಕಿ, ಗೇಟು ಎಲ್ಲ ಸೇರಿತು. “ಬಾಗಿಲು ಹಾಕಿದೆ ಗೀಗಿಲು ಹಾಕಿದೆ ಅಂತ ಹೇಳಬೇಡ” ಅಂದಾಗ? ಇಡೀ ವಾಕ್ಯ ಮರುಕಳಿಸಿದೆ, ಬದಲಾದದ್ದು ಒಂದೇ ಅಕ್ಷರ. ಈಗ ಕಿಟಕಿಯ ಮಾತಿಲ್ಲ, ನೆಪಗಳ ಮಾತು. ಬಾಗಿಲು ಹಾಕ್ತಿದ್ದೆ, ನೀರು ತುಂಬಿಸ್ತಿದ್ದೆ, ಅದಕ್ಕೇ ತಡ ಆಯಿತು ಅಂತ ಕತೆ ಕಟ್ಟಬೇಡ ಅಂತ. ‘ಗೀ’ ಒಂದೇ, ಆದರೆ ಎಷ್ಟು ಮಾತನ್ನು ಹಿಂದೆ ಎಳೆದುಕೊಂಡು ಬಂದಿದೆ ಅನ್ನುವುದರ ಮೇಲೆ ಅರ್ಥ ಹಿಗ್ಗುತ್ತೆ.

ನೀನು ಅನುವಾದವನ್ನೂ ಮಾಡುವವನಾದ್ದರಿಂದ ಇದು ಗೊತ್ತಿರಲಿ. ಹಿಂದಿಯವರು ಸಾಮಾನ್ಯವಾಗಿ ‘ವ’ ಇಡುತ್ತಾರೆ, ಚಾಯ್ ವಾಯ್. ಪಂಜಾಬಿಯಲ್ಲಿ ಅದು ಚಾಯ್ ಶಾಯ್. ಮರಾಠಿಯಲ್ಲಿ ಪುಸ್ತಕ್ ಬಿಸ್ತಕ್, ಬಂಗಾಳಿಯಲ್ಲಿ ‘ಟ’. ತೆಲುಗು, ತಮಿಳು ನಮ್ಮ ‘ಗಿ’ಗೆ ಹತ್ತಿರ: ಹುಲಿ ಅಲ್ಲಿ ಪುಲಿ ಗಿಲಿ. ದ್ರಾವಿಡ ಜನಪದ ಕತೆಗಳಲ್ಲಿ ಬರುವ ಪ್ರತಿಧ್ವನಿ ಪದದ ಮೇಲೆಯೇ ಭಾಷಾಶಾಸ್ತ್ರಜ್ಞ ಎಮೆನೋ 1938ರಲ್ಲಿ ಒಂದು ಲೇಖನ ಬರೆದರು. ಹಾಗಾಗಿ ಚಾಯ್ ವಾಯ್ ಸಿಕ್ಕಿದರೆ ‘ಚಹಾ ಇತ್ಯಾದಿ’ ಅಂತ ಮಾಡಬೇಡ. ‘ಇತ್ಯಾದಿ’ ಅನ್ನುವುದು ಪಟ್ಟಿ ಬರೆಯುವವನ ಮಾತು. ಟೀ ಗೀ ಅನ್ನು, ಸಾಕು.

ಈಗ ನಿನ್ನ ಅಮ್ಮ-ಮಗನಿಗೆ ಬರೋಣ. ಆ ಪದವನ್ನು ಅಳಿಸಬೇಡ, ಮಗನಿಂದ ತೆಗೆದು ಅಮ್ಮನಿಗೆ ಕೊಡು. ಮಗ ಹೊರಗೆ ಬಂದ ಕೂಡಲೇ ಅಮ್ಮ ಕೇಳಲಿ: “ಆಪರೇಷನ್ ಗೀಪರೇಷನ್ ಅಂತ ಏನೂ ಹೇಳಲಿಲ್ಲ ತಾನೇ?” ಹೆದರಿಕೆಯ ಪದವನ್ನು ಬರಿದಾಗಿ ಬಾಯಿಗೆ ತರೋಕೆ ಆಗದೆ, ಅವರು ಅದರ ಪಕ್ಕಕ್ಕೆ ಒಂದು ಹುಸಿ ಪದ ನಿಲ್ಲಿಸುತ್ತಾರೆ. ಮಗ ಹೇಳಲಿ: “ಆಪರೇಷನ್ನೇ ಅಮ್ಮ. ಸೋಮವಾರ.” ಆಮೇಲೆ ಅಮ್ಮನೂ ಗೀಪರೇಷನ್ ಅನ್ನುವುದು ಬೇಡ. “ಎಷ್ಟು ಹೊತ್ತಿಗೆ?” ಅಂತ ಕೇಳಲಿ.

ತಿದ್ದಿ ಕಳಿಸು, ಕಾಯ್ತಿರ್ತೀನಿ.

ನಿನ್ನ ಅಣ್ಣ